ಬ್ಯಾಟರಿ ಡಯೋಡು ಆನೋ ಆಫೋ: ಮೈನಸ್ ಬಂದ ಒಂದು ಲೆಕ್ಕ

ಪ್ರಶ್ನೆ: ಸರ್, ನಾನು ವಿಜಯಪುರದಾಗ ಡಿಪ್ಲೊಮಾ ಓದಾಕತ್ತೀನಿ. ತಿಕೋಟಾ ಹತ್ರ ನಮ್ಮ ದ್ರಾಕ್ಷಿ ತೋಟದ ಶೆಡ್ಡಿಗೆ ಮನಿಯಿಂದ 14 ವೋಲ್ಟ್ ಅಡಾಪ್ಟರಿನ ವೈರ್ ಎಳದೀವಿ, ಕರೆಂಟ್ ಹೋದ್ರ ಇರ್ಲಿ ಅಂತ ಶೆಡ್ಡಿನ್ಯಾಗ ಒಂದು 12 ವೋಲ್ಟ್ ಬ್ಯಾಟರಿ ಇಟ್ಟೀವಿ. ಎರಡಕ್ಕೂ ಒಂದೊಂದು 1N4007 ಹಾಕಿ ಒಂದೇ ಲೋಡಿಗೆ ಕೂಡ್ಸೀನಿ. ಲೋಡ್ 24 ಓಮ್. ಎರಡೂ ಡಯೋಡ್ ಆನ್ ಅಂತ ಹಿಡಿದು ಲೆಕ್ಕ ಮಾಡಿದೆ, ಅಡಾಪ್ಟರ್ 0.74 ಆಂಪಿಯರ್, ಬ್ಯಾಟರಿ ಮೈನಸ್ 0.25 ಬಂತು. ಮೈನಸ್ ಅಂದ್ರ ಆಫ್ ಅಲ್ಲೇನ್ರಿ? ಅದನ್ನ ಸೊನ್ನೆ ಮಾಡಿ ಅಡಾಪ್ಟರ್ 0.74 ಅಂತ ಬರದೆ. ಮೀಟರ್ ಹಚ್ಚಿದ್ರ 0.5 ತೋರಸ್ತು. ಬ್ಯಾಟರಿ 12.4 ವೋಲ್ಟ್ ಐತಿ, 0.7ಕ್ಕಿಂತ ಎಷ್ಟೋ ಜಾಸ್ತಿ. ಹಂಗಿದ್ರೂ ಅದರ ಡಯೋಡ್ ಹೆಂಗ ಆಫ್ ಆಗ್ತದ?

ಉತ್ತರ: ಮೀಟರ್ ಹೇಳಿದ್ದೇ ಸರಿ. ನೀವು ಬರೆದ ಉತ್ತರವನ್ನು ಮೀಟರ್ ಇಲ್ಲದೆಯೂ ಹಿಡಿಯಬಹುದಿತ್ತು. 0.74 ಆಂಪಿಯರ್ ಪೂರ್ತಿ 24 ಓಮ್ ಲೋಡಿನಲ್ಲಿ ಹರಿದರೆ ಲೋಡಿನ ಮೇಲೆ 17 ವೋಲ್ಟಿಗೂ ಹೆಚ್ಚು ಬರಬೇಕು. ಶೆಡ್ಡಿನಲ್ಲಿ ಇರುವ ದೊಡ್ಡ ಮೂಲವೇ 14 ವೋಲ್ಟ್. ಮಿಕ್ಕ ಮೂರು ವೋಲ್ಟ್ ಯಾರು ಕೊಟ್ಟರು?

ತಪ್ಪು ಆಗಿದ್ದು ಕೊನೆಯ ಹೆಜ್ಜೆಯಲ್ಲಿ. ಬ್ಯಾಟರಿ ಡಯೋಡು ಆಫ್ ಎಂದು ನೀವು ಗುರುತಿಸಿದ್ದು ಸರಿಯೇ. ಆದರೆ ಆ 0.74 ಎಂಬುದು ಎರಡೂ ಆನ್ ಆಗಿದ್ದ ಸರ್ಕ್ಯೂಟಿನ ಸಂಖ್ಯೆ. ಆ ಸರ್ಕ್ಯೂಟಿನಲ್ಲಿ ಅಡಾಪ್ಟರು ಎರಡು ಕೆಲಸ ಮಾಡುತ್ತಿತ್ತು: ಲೋಡಿಗೆ 0.49 ಆಂಪಿಯರ್ ಕೊಡುತ್ತಿತ್ತು, ಬ್ಯಾಟರಿಯ ಡಯೋಡನ್ನು ಹಿಂದಿನಿಂದ ದಾಟಿಸಿ ಬ್ಯಾಟರಿಗೆ 0.25 ಆಂಪಿಯರ್ ತುಂಬುತ್ತಿತ್ತು. ಎರಡೂ ಕೂಡಿ 0.74. ಬ್ಯಾಟರಿಯ ದಾರಿಯನ್ನು ಮುಚ್ಚಿದ ಮೇಲೆ ಆ 0.25ಕ್ಕೆ ಹೋಗಲು ಜಾಗವೇ ಇಲ್ಲ. ಅಂದಮೇಲೆ ಅಡಾಪ್ಟರಿನ ಕರೆಂಟೂ ಬದಲಾಗಲೇಬೇಕು. ಊಹೆ ಬಿದ್ದರೆ ಆ ಊಹೆಯ ಮೇಲೆ ನಿಂತ ಎಲ್ಲ ಸಂಖ್ಯೆಗಳೂ ಅದರೊಡನೆ ಬೀಳುತ್ತವೆ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿಕೊಳ್ಳಲು ಬರುವುದಿಲ್ಲ, ಹೊಸ ಹಾಳೆ ತೆಗೆದು ಮೊದಲಿನಿಂದ ಬಿಡಿಸಬೇಕು.

ಈಗ ನಿಮ್ಮ ಶೆಡ್ಡಿನ ಸರ್ಕ್ಯೂಟನ್ನೇ ಹಾಗೆ ಬಿಡಿಸೋಣ. ಮೊದಲು ಡಯೋಡಿನ ಮಾಡೆಲ್ ಗಟ್ಟಿ ಮಾಡಿಕೊಳ್ಳಬೇಕು. ನಿಜವಾದ ಡಯೋಡಿನ ಗ್ರಾಫು ಬಾಗಿದ ಗೆರೆ; ಅದನ್ನು ಹಿಡಿದು ಕೈಲೆಕ್ಕ ಮಾಡುವುದು ಕಷ್ಟ. ಪೀಸ್‌ವೈಸ್ ಲೀನಿಯರ್ ಮಾಡೆಲ್ ಎಂದರೆ ಆ ಬಾಗಿದ ಗೆರೆಯ ಬದಲು ಎರಡು ನೇರ ತುಂಡು ಇಟ್ಟುಕೊಳ್ಳುವುದು. ಒಂದು ತುಂಡು ನೆಲಕ್ಕೆ ಮಲಗಿರುತ್ತದೆ: ಡಯೋಡಿನ ಮೇಲಿನ ವೋಲ್ಟೇಜು ಒಂದು ಮಿತಿಗಿಂತ ಕಡಿಮೆ ಇರುವವರೆಗೆ ಕರೆಂಟು ಸೊನ್ನೆ. ಇನ್ನೊಂದು ತುಂಡು ಆ ಮಿತಿಯಿಂದ ಕಡಿದಾಗಿ ಏರುತ್ತದೆ. 1N4007ಕ್ಕೆ ಸುಮಾರು 0.1ರಿಂದ 1 ಆಂಪಿಯರ್ ನಡುವೆ ನಾನು ಹಿಡಿಯುವ ಗೆರೆ ಇದು: ಮಿತಿ 0.75 ವೋಲ್ಟ್, ಅಲ್ಲಿಂದ ಮುಂದೆ 0.2 ಓಮ್. ಅಂದರೆ ಆನ್ ಆದ ಡಯೋಡು 0.75 ವೋಲ್ಟಿನ ಒಂದು ಪುಟ್ಟ ಎದುರು ಬ್ಯಾಟರಿ, ಅದರ ಜೊತೆ ಸರಣಿಯಲ್ಲಿ 0.2 ಓಮ್. ಆಫ್ ಆದ ಡಯೋಡು ಕತ್ತರಿಸಿದ ತಂತಿ.

ಊಹೆಯನ್ನು ಪರೀಕ್ಷಿಸುವ ನಿಯಮವೂ ಈ ಎರಡು ತುಂಡುಗಳಿಂದಲೇ ಬರುತ್ತದೆ. ಆನ್ ಎಂದು ಹಿಡಿದರೆ ಕರೆಂಟು ಆನೋಡಿನಿಂದ ಕ್ಯಾಥೋಡಿಗೆ ಹರಿಯುವಂತೆ ಪ್ಲಸ್ ಆಗಿ ಬರಬೇಕು. ಆಫ್ ಎಂದು ಹಿಡಿದರೆ ಆನೋಡಿನ ವೋಲ್ಟೇಜಿನಿಂದ ಕ್ಯಾಥೋಡಿನದನ್ನು ಕಳೆದಾಗ 0.75ಕ್ಕಿಂತ ಕಡಿಮೆ ಬರಬೇಕು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಆಫ್ ಎಂದಾಕ್ಷಣ ಅದು ಮೈನಸ್ಸೇ ಆಗಬೇಕು ಎಂದು ತಿಳಿಯುತ್ತಾರೆ. ಬೇಕಿಲ್ಲ, 0.3 ವೋಲ್ಟ್ ಪ್ಲಸ್ ಇದ್ದರೂ ಡಯೋಡು ಆಫೇ.

ಉಳಿದ ಅಳತೆಗಳು. ಮನೆಯಿಂದ ಶೆಡ್ಡಿಗೆ ಒಂದು ಚದರ ಮಿಲಿಮೀಟರಿನ ತಾಮ್ರದ ವೈರು ಐವತ್ತು ಮೀಟರ್ ಎಳೆದಿದ್ದೀರಿ ಎಂದು ಹಿಡಿಯುತ್ತೇನೆ. ಹೋಗಿ ಬರುವ ದಾರಿ ನೂರು ಮೀಟರ್, ಮೀಟರಿಗೆ 0.0172 ಓಮಿನಂತೆ 1.72 ಓಮ್, ಜಾಯಿಂಟು, ಕನೆಕ್ಟರು ಸೇರಿಸಿ 1.8 ಓಮ್ ಅನ್ನೋಣ. ಬ್ಯಾಟರಿ ಲೋಡಿನ ಪಕ್ಕದಲ್ಲೇ ಇದೆ, ಅದರ ಒಳಗಿನದೂ ವೈರಿನದೂ ಕೂಡಿ 0.3 ಓಮ್. ಈ ಅಳತೆಗಳಲ್ಲಿ ಎರಡೂ ಆನ್ ಎಂದು ಹಿಡಿದರೆ ನಿಮಗೆ ಬಂದ 0.74 ಮತ್ತು ಮೈನಸ್ 0.25 ಇವೇ ಬರುತ್ತವೆ. ನಿಮ್ಮ ಹಾಳೆಯ ಗಣಿತದಲ್ಲಿ ತಪ್ಪಿಲ್ಲ ಅಂತಾಯಿತು.

ಡಯೋಡಿನ 0.2 ಓಮ್ ಸೇರಿದರೆ ಅಡಾಪ್ಟರ್ ದಾರಿಯಲ್ಲಿ ಒಟ್ಟು 2 ಓಮ್, ಬ್ಯಾಟರಿ ದಾರಿಯಲ್ಲಿ 0.5 ಓಮ್. 0.75 ವೋಲ್ಟನ್ನು ಮೊದಲೇ ಕಳೆದುಬಿಟ್ಟರೆ 14 ಹೋಗಿ 13.25 ಆಗುತ್ತದೆ, 12.4 ಹೋಗಿ 11.65 ಆಗುತ್ತದೆ. ಎರಡು ದಾರಿಯೂ ಕೂಡುವ ಬಿಂದುವಿನ, ಅಂದರೆ ಲೋಡಿನ, ವೋಲ್ಟೇಜನ್ನು Vo ಎನ್ನೋಣ. ಅಡಾಪ್ಟರಿನ ಕರೆಂಟು I1, ಬ್ಯಾಟರಿಯದು I2. ಎರಡೂ ಆನ್ ಎಂಬ ನಿಮ್ಮ ಹಾಳೆ ಹೀಗಿರುತ್ತದೆ:

```
(13.25 - Vo)/2 + (11.65 - Vo)/0.5 = Vo/24
Vo = 11.774 V
I1 = (13.25 - 11.774)/2   =  0.738 A
I2 = (11.65 - 11.774)/0.5 = -0.248 A
```

I2 ಮೈನಸ್. ಆನ್ ಎಂಬ ಊಹೆಗೆ ಇದು ಒಪ್ಪುವುದಿಲ್ಲ, ಆದ್ದರಿಂದ ಈ ಹಾಳೆ ಪೂರ್ತಿ ರದ್ದು. 11.774 ಕೂಡ ರದ್ದು, 0.738 ಕೂಡ ರದ್ದು. ಇದರಿಂದ ನಮ್ಮ ಕೈಗೆ ಉಳಿಯುವುದು ಒಂದು ಸುಳಿವು ಮಾತ್ರ: ಮುಂದಿನ ಸಲ ಬ್ಯಾಟರಿ ಡಯೋಡನ್ನು ಆಫ್ ಮಾಡಿ ನೋಡು.

ಹೊಸ ಹಾಳೆ. ಬ್ಯಾಟರಿಯ ದಾರಿಯನ್ನು ಕತ್ತರಿಸಿ ಸರ್ಕ್ಯೂಟನ್ನು ಮತ್ತೆ ಬರೆಯಿರಿ. ಮನಸ್ಸಿನಲ್ಲಿ ಅಲ್ಲ, ಪೆನ್ಸಿಲ್ಲಿನಿಂದ. ಉಳಿಯುವುದು ಒಂದೇ ಸುತ್ತು:

```
I1 = 13.25/(2 + 24) = 0.5096 A
Vo = 0.5096 * 24    = 12.23 V
```

ನಿಮ್ಮ ಮೀಟರಿನ 0.5 ಸಿಕ್ಕಿತು. ಆದರೆ ಸಿಕ್ಕಿತು ಎಂದು ಪೆನ್ನು ಕೆಳಗಿಡಬಾರದು, ಎರಡೂ ಡಯೋಡುಗಳ ಪರೀಕ್ಷೆ ಇನ್ನೂ ಬಾಕಿ. ಅಡಾಪ್ಟರ್ ಡಯೋಡಿನ ಕರೆಂಟು ಪ್ಲಸ್, ಸರಿ. ಬ್ಯಾಟರಿ ಡಯೋಡಿನಲ್ಲಿ ಕರೆಂಟಿಲ್ಲ ಎಂದರೆ 0.3 ಓಮಿನಲ್ಲಿ ವೋಲ್ಟೇಜು ಬೀಳುವುದೂ ಇಲ್ಲ, ಹಾಗಾಗಿ ಅದರ ಆನೋಡು ಪೂರ್ತಿ 12.4 ವೋಲ್ಟಿನಲ್ಲಿದೆ. ಕ್ಯಾಥೋಡು ಲೋಡಿನ 12.23ರಲ್ಲಿದೆ. ವ್ಯತ್ಯಾಸ 0.17 ವೋಲ್ಟ್. ಪ್ಲಸ್ ಇದೆ, ಆದರೆ 0.75 ಮುಟ್ಟಿಲ್ಲ. ಆಫ್ ಎಂಬ ಊಹೆ ನಿಂತಿತು, ಉತ್ತರ ಇದೇ.

ಈ 0.17 ನನ್ನನ್ನೂ ಒಮ್ಮೆ ಮೋಸ ಮಾಡಿದೆ. ಬಹಳ ಹಿಂದೆ ಬಾಗಲಕೋಟೆಯಲ್ಲಿ ಒಬ್ಬರ ಅಂಗಡಿಯ ಇಂಥದೇ ಜೋಡಣೆ ರಿಪೇರಿಗೆ ಹೋದಾಗ, ಬ್ಯಾಟರಿ ಡಯೋಡಿನ ಮೇಲೆ ಮೀಟರು 0.2ರ ಆಸುಪಾಸು ತೋರಿಸಿತು. 0.6 ಇಲ್ಲ, ಅಂದಮೇಲೆ ಡಯೋಡು ಶಾರ್ಟ್ ಆಗಿದೆ ಎಂದುಕೊಂಡು ಬಿಚ್ಚಿ ಹೊಸದು ಹಾಕಿದೆ. ಹೊಸದರ ಮೇಲೂ ಅಷ್ಟೇ. ಡಯೋಡಿನ ವೋಲ್ಟೇಜೊಂದನ್ನೇ ನೋಡಿ ತೀರ್ಪು ಕೊಡಬಾರದು, ಆ ದಾರಿಯ ಕರೆಂಟನ್ನೂ ನೋಡಬೇಕು ಎಂಬುದು ಒಳ್ಳೆಯ ಡಯೋಡನ್ನು ಕತ್ತರಿಸಿ ಹಾಕಿದ ಮೇಲೆ ತಿಳಿಯಿತು. ಶಾರ್ಟ್ ಆಗಿದ್ದರೆ ಅಲ್ಲಿ ಕರೆಂಟು ಹರಿಯುತ್ತಿತ್ತು, ವೋಲ್ಟೇಜೂ ಸೊನ್ನೆಯ ಹತ್ತಿರ ಇರುತ್ತಿತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ. ಒಂದೇ ಪೈಪ್‌ಲೈನಿಗೆ ಎರಡು ಬೋರ್‌ವೆಲ್ ಕೂಡಿಸಿದ ತೋಟ ನೀವು ನೋಡಿಯೇ ಇರುತ್ತೀರಿ. ಎರಡಕ್ಕೂ ನೀರು ವಾಪಸ್ ಹೋಗದಂತೆ ಒಂದೊಂದು ವಾಲ್ವ್ ಇರುತ್ತದೆ. ಒಂದು ಮೋಟಾರಿನ ಒತ್ತಡದಿಂದ ಲೈನು ತುಂಬಿ ಬಿಗಿಯಾಗಿದ್ದರೆ ಇನ್ನೊಂದರ ವಾಲ್ವ್ ತೆರೆಯುವುದಿಲ್ಲ. ಆ ಇನ್ನೊಂದು ಮೋಟಾರು ಚಾಲೂ ಇದ್ದರೂ ಅಷ್ಟೇ. ಅದು ತನ್ನ ಒತ್ತಡವನ್ನು ನೆಲದ ಜೊತೆ ಹೋಲಿಸಿಕೊಳ್ಳುವುದಿಲ್ಲ, ಲೈನಿನ ಜೊತೆ ಹೋಲಿಸಿಕೊಳ್ಳುತ್ತದೆ. ನಿಮ್ಮ 12.4 ವೋಲ್ಟನ್ನು 0.7ರ ಜೊತೆ ಹೋಲಿಸುವುದು ನೆಲದ ಜೊತೆ ಹೋಲಿಸಿದಂತೆ. ಡಯೋಡಿಗೆ ಗೊತ್ತಾಗುವುದು ತನ್ನ ಎರಡು ತುದಿಗಳ ನಡುವಿನ ವ್ಯತ್ಯಾಸ ಒಂದೇ, ಅದರ ಇನ್ನೊಂದು ತುದಿಯನ್ನು ಅಡಾಪ್ಟರು 12.23ಕ್ಕೆ ಎತ್ತಿ ಹಿಡಿದಿದೆ.

ಎರಡೂ ಆಫ್ ಎಂದು ಶುರು ಮಾಡಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎರಡು ದಾರಿಯೂ ಕತ್ತರಿಸಿದರೆ ಲೋಡಿನಲ್ಲಿ ಸೊನ್ನೆ ವೋಲ್ಟ್; ಒಂದು ಡಯೋಡಿನ ಮೇಲೆ 14, ಇನ್ನೊಂದರ ಮೇಲೆ 12.4. ಎರಡೂ 0.75 ಮೀರಿವೆ, ಎರಡು ಊಹೆಯೂ ಬಿದ್ದವು. ಆದರೆ ಅದರರ್ಥ ಎರಡೂ ಆನ್ ಎಂದಲ್ಲ. ಅಡಾಪ್ಟರ್ ಡಯೋಡು ಆನ್ ಆದ ಕ್ಷಣ ಲೋಡು ಮೇಲೇರುತ್ತದೆ, ಬ್ಯಾಟರಿ ಡಯೋಡು ಆನ್ ಆಗುವ ಕಾರಣವೇ ಮಾಯವಾಗುತ್ತದೆ. ಅದಕ್ಕೇ ಎರಡು ಡಯೋಡು ತಪ್ಪು ತೋರಿಸಿದರೆ ನಾನು ಹೆಚ್ಚು ಮೀರಿದ ಒಂದನ್ನು ಮಾತ್ರ ಬದಲಿಸಿ ಮತ್ತೆ ಲೆಕ್ಕ ಮಾಡುತ್ತೇನೆ. ಇಲ್ಲಿ 14 ದೊಡ್ಡದು, ಅಡಾಪ್ಟರನ್ನು ಆನ್ ಮಾಡಿದರೆ ನೇರ ಉತ್ತರಕ್ಕೇ ಬಂದು ನಿಲ್ಲುತ್ತೀರಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ನಿಮ್ಮ ಮೈನಸ್ ಹಾಳೆ ಸುತ್ತಿ ಬರಬೇಕಾಗುತ್ತದೆ.

ನಾಲ್ಕನೆಯ ಸಾಧ್ಯತೆಯೂ ಒಂದಿದೆ: ಅಡಾಪ್ಟರ್ ಆಫ್, ಬ್ಯಾಟರಿ ಆನ್. ಆಗ ಬ್ಯಾಟರಿ ಕರೆಂಟು 11.65 ಭಾಗಿಸು 24.5, ಅಂದರೆ 0.476 ಆಂಪಿಯರ್, ಲೋಡು 11.41 ವೋಲ್ಟ್. ಅಡಾಪ್ಟರ್ ಡಯೋಡಿನ ಮೇಲೆ 14ರಲ್ಲಿ 11.41 ಕಳೆದು 2.59 ವೋಲ್ಟ್. ಆಫ್ ಆಗಿರಲು ಸಾಧ್ಯವೇ ಇಲ್ಲ, ಇದೂ ಬಿತ್ತು. ಆದರೆ ಈ ಹಾಳೆಯನ್ನು ಎಸೆಯಬೇಡಿ. ಮನೆಯಲ್ಲಿ ಕರೆಂಟು ಹೋಗಿ 14 ವೋಲ್ಟ್ ಸೊನ್ನೆ ಆದಾಗ ಇದೇ ಹಾಳೆ ಸರಿಯಾದ ಉತ್ತರ. ಆಗ ಅಡಾಪ್ಟರ್ ಡಯೋಡಿನ ಮೇಲೆ ಮೈನಸ್ 11.41, ಪರೀಕ್ಷೆ ಪಾಸು. ಬ್ಯಾಟರಿ ಸದ್ದಿಲ್ಲದೆ ಲೋಡು ಹಿಡಿಯುತ್ತದೆ, ಶೆಡ್ಡಿನ ದೀಪ 12.23ರಿಂದ 11.41ಕ್ಕೆ ಇಳಿದು ತುಸು ಮಂಕಾಗುತ್ತದೆ ಅಷ್ಟೆ.

ನಾಲ್ಕರಲ್ಲಿ ಒಂದೇ ನಿಂತದ್ದು ನಮ್ಮ ಅದೃಷ್ಟವಲ್ಲ. ಮೂಲಗಳು, ಸಾಮಾನ್ಯ ರೆಸಿಸ್ಟರುಗಳು ಮತ್ತು ಇಂಥ ಡಯೋಡು ಮಾತ್ರ ಇರುವ ಸರ್ಕ್ಯೂಟಿನಲ್ಲಿ ಎರಡು ಬೇರೆ ಬೇರೆ ಉತ್ತರ ಪರೀಕ್ಷೆ ದಾಟಿದರೆ ನಿಮ್ಮ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದೇ ತಿಳಿಯಿರಿ, ಹೆಚ್ಚಾಗಿ ಕರೆಂಟಿನ ಬಾಣದ ದಿಕ್ಕಿನಲ್ಲಿ. ಹಾಗಾಗಿ ಒಂದು ಹಾಳೆ ಪಾಸಾದರೆ ಉಳಿದವನ್ನು ಮಾಡುವ ಅಗತ್ಯವಿಲ್ಲ. ಪರೀಕ್ಷೆಯಲ್ಲಿ ನಾಲ್ಕೂ ಬರೆದು ಸಮಯ ಕಳೆಯಬೇಡಿ. ಟ್ರಾನ್ಸಿಸ್ಟರು, ಆಪ್‌ಆಂಪು ಸೇರಿದ ಸರ್ಕ್ಯೂಟಿಗೆ ಈ ಭರವಸೆ ಇಲ್ಲ.

ಈಗ ಲೋಡನ್ನು ಬದಲಿಸುತ್ತೇನೆ. ಏಕೆಂದರೆ 'ವೋಲ್ಟೇಜು ಹೆಚ್ಚಿದ್ದವನ ಡಯೋಡು ಆನ್, ಕಡಿಮೆ ಇದ್ದವನದು ಆಫ್' ಎಂದು ನೀವು ಬಾಯಿಪಾಠ ಮಾಡಿಕೊಂಡು ಹೋಗುವ ಅಪಾಯ ಇದೆ. ಶೆಡ್ಡಿನಲ್ಲಿ ಫ್ಯಾನು, ದೀಪ, ಸ್ಪ್ರೇ ಪಂಪು ಕೂಡಿ ಲೋಡು 8 ಓಮಿಗೆ ಬಂತು ಎನ್ನಿ. ಪಂಪಿನ ಮೋಟಾರನ್ನು ರೆಸಿಸ್ಟರು ಎಂದು ಹಿಡಿಯುವುದು ಒರಟು ಲೆಕ್ಕ, ಆದರೂ ಇಲ್ಲಿಗೆ ಸಾಕು. ಮೊದಲಿನಂತೆ ಅಡಾಪ್ಟರ್ ಮಾತ್ರ ಆನ್ ಎಂದು ಹಿಡಿದರೆ ಕರೆಂಟು 13.25 ಭಾಗಿಸು 10, ಅಂದರೆ 1.325 ಆಂಪಿಯರ್; ಲೋಡು 10.6 ವೋಲ್ಟ್. ಬ್ಯಾಟರಿ ಡಯೋಡಿನ ಮೇಲೆ 12.4ರಲ್ಲಿ 10.6 ಕಳೆದು 1.8 ವೋಲ್ಟ್. ಆಫ್ ಎಂಬ ಊಹೆ ಬಿತ್ತು. ಉದ್ದ ವೈರಿನಲ್ಲಿ ವೋಲ್ಟೇಜು ಕರಗಿ ಲೈನಿನ ಒತ್ತಡ ಇಳಿದಿದೆ, ಬ್ಯಾಟರಿಯ ವಾಲ್ವ್ ತೆರೆಯಲೇಬೇಕು. ಎರಡೂ ಆನ್:

```
(13.25 - Vo)/2 + (11.65 - Vo)/0.5 = Vo/8
Vo = 11.4 V
I1 = 0.925 A
I2 = 0.5 A
```

ಎರಡೂ ಪ್ಲಸ್, ಕೂಡಿದರೆ 1.425 ಆಂಪಿಯರ್, 11.4 ಭಾಗಿಸು 8 ಕೂಡ ಅಷ್ಟೇ. ಈ ಕೊನೆಯ ಕೂಡಿಕೆ ಮಾಡುವ ಚಾಳಿ ಇಟ್ಟುಕೊಳ್ಳಿ, ಗಣಿತದ ತಪ್ಪನ್ನು ಅದು ಅಲ್ಲೇ ಹಿಡಿಯುತ್ತದೆ. ನೋಡಿ, 24 ಓಮಿಗೆ ಸುಳ್ಳಾಗಿದ್ದ ನಿಮ್ಮ 'ಎರಡೂ ಆನ್' 8 ಓಮಿಗೆ ನಿಜ. ಡಯೋಡು, ಬ್ಯಾಟರಿ, ವೈರು ಯಾವುದೂ ಬದಲಾಗಿಲ್ಲ. ಇದರ ಇನ್ನೊಂದು ಅರ್ಥ, ಕರೆಂಟು ಇದ್ದಾಗಲೂ ಸ್ಪ್ರೇ ಪಂಪು ಓಡುವಷ್ಟು ಹೊತ್ತು ನಿಮ್ಮ ಬ್ಯಾಟರಿ ಅರ್ಧ ಆಂಪಿಯರಿನಂತೆ ಖಾಲಿಯಾಗುತ್ತಿದೆ. ಅಡಾಪ್ಟರಿನಿಂದ ಅದು ಚಾರ್ಜ್ ಆಗುವುದೂ ಇಲ್ಲ, ಡಯೋಡು ಬಿಡುವುದಿಲ್ಲ. ಬೇರೆ ಚಾರ್ಜರು ಇಲ್ಲದಿದ್ದರೆ ಕರೆಂಟು ಹೋದ ರಾತ್ರಿ ಬ್ಯಾಟರಿ ಕೈಕೊಟ್ಟೀತು.

ಯಾವ ಲೋಡಿಗೆ ಪಕ್ಷ ಬದಲಾಗುತ್ತದೆ? ಗಡಿಯಲ್ಲಿ ಬ್ಯಾಟರಿ ಡಯೋಡಿನ ಮೇಲೆ ಸರಿಯಾಗಿ 0.75 ಇದ್ದು ಕರೆಂಟು ಸೊನ್ನೆ ಇರಬೇಕು, ಅಂದರೆ ಲೋಡು 11.65 ವೋಲ್ಟ್. ಆಗ ಅಡಾಪ್ಟರಿನ ಕರೆಂಟು 13.25ರಲ್ಲಿ 11.65 ಕಳೆದು 2ರಿಂದ ಭಾಗಿಸಿದರೆ 0.8 ಆಂಪಿಯರ್, ಲೋಡು 11.65 ಭಾಗಿಸು 0.8, ಸುಮಾರು 14.6 ಓಮ್. ಅದಕ್ಕಿಂತ ಹೆಚ್ಚು ಓಮಿನ ಲೋಡಿದ್ದರೆ ಬ್ಯಾಟರಿ ಸುಮ್ಮನಿರುತ್ತದೆ, ಕಡಿಮೆ ಇದ್ದರೆ ಕೈಜೋಡಿಸುತ್ತದೆ. ಊಹೆ ಮಾಡಿ ಪರೀಕ್ಷಿಸುವುದಕ್ಕಿಂತ ಈ ಗಡಿ ಹುಡುಕುವ ಲೆಕ್ಕ ನನಗೆ ಹೆಚ್ಚು ಇಷ್ಟ. ಒಮ್ಮೆ ಮಾಡಿದರೆ ಎಲ್ಲ ಲೋಡಿಗೂ ಉತ್ತರ ಸಿಕ್ಕಂತೆ.

ಆದರೆ ಗಡಿಯ ಹತ್ತಿರ ಮಾಡೆಲ್ಲನ್ನು ಬಹಳ ನಂಬಬೇಡಿ. 16 ಓಮಿನ ಲೋಡಿಗೆ ಲೆಕ್ಕ ಮಾಡಿದರೆ ಬ್ಯಾಟರಿ ಡಯೋಡಿನ ಮೇಲೆ 0.62 ವೋಲ್ಟ್ ಬರುತ್ತದೆ. ಮಾಡೆಲ್ ಪ್ರಕಾರ ಆಫ್, ಕರೆಂಟು ಸೊನ್ನೆ. ನಿಜವಾದ 1N4007 ಅಷ್ಟು ವೋಲ್ಟೇಜಿನಲ್ಲಿ ಕೆಲವು ಮಿಲಿಆಂಪಿಯರ್ ಬಿಡುತ್ತದೆ. ಬಾಗಿದ ಗೆರೆಯ ಮೊಣಕಾಲನ್ನು ನಾವು ಚೂಪಾದ ಮೂಲೆ ಮಾಡಿದ್ದೇವೆ, ಅದರ ಬೆಲೆ ಇದು. ಗಡಿಯ ಜಾಗವೂ ಮಾಡೆಲ್ಲಿನ ಮೇಲೆ ಓಡಾಡುತ್ತದೆ: 0.2 ಓಮ್ ಬಿಟ್ಟು ಬರೀ 0.7 ವೋಲ್ಟ್ ಹಿಡಿದರೆ ಗಡಿ 13.2 ಓಮಿಗೆ ಸರಿಯುತ್ತದೆ. ಲೋಡು 14 ಓಮ್ ಇದ್ದರೆ ಒಂದು ಮಾಡೆಲ್ ಆನ್ ಎನ್ನುತ್ತದೆ, ಇನ್ನೊಂದು ಆಫ್ ಎನ್ನುತ್ತದೆ. ಅಲ್ಲಿ ಜಗಳ ಬಿಡಿಸಬೇಕಾದ್ದು ಮೀಟರು. 24 ಓಮಿನಲ್ಲಿ ಮಾತ್ರ ಯಾವ ಮಾಡೆಲ್ ಹಿಡಿದರೂ ಅದೇ ಡಯೋಡು ಆಫ್. ಬರೀ 0.7 ಹಿಡಿದರೆ ಅಡಾಪ್ಟರ್ ಕರೆಂಟು 0.516, ನಮ್ಮ 0.51ರಿಂದ ಕೂದಲೆಳೆಯ ದೂರ. ನಿಮ್ಮ ಪರೀಕ್ಷೆಗೆ 0.7 ಸಾಕು ಎಂದು ಪ್ರಶ್ನೆಪತ್ರಿಕೆ ಹೇಳಿದರೆ ಅದನ್ನೇ ಹಿಡಿಯಿರಿ.

ಲ್ಯಾಬಿನಲ್ಲಿ ಇದನ್ನು ಮಾಡಿ ನೋಡುವುದಾದರೆ ಶೆಡ್ಡಿನ ಲೋಡಿನ ಬದಲು ವೈರ್‌ವೌಂಡ್ ರೆಸಿಸ್ಟರು ಹಾಕಿ. 24 ಓಮಿನಲ್ಲಿ ಆರು ವ್ಯಾಟಿಗೂ ಹೆಚ್ಚು ಸುಡುತ್ತದೆ, 10 ವ್ಯಾಟಿನದು ಬೇಕು. 8 ಓಮಿನಲ್ಲಿ ಹದಿನಾರು ವ್ಯಾಟಿಗೂ ಹೆಚ್ಚು, 25 ವ್ಯಾಟಿನದು ಬೇಕು. ಕಾಲು ವ್ಯಾಟಿನ ರೆಸಿಸ್ಟರು ಹಾಕಿದರೆ ಹೊಗೆ ಬರುತ್ತದೆ. ಬ್ಯಾಟರಿ ಸಾಲಿನಲ್ಲಿ ಒಂದು ಫ್ಯೂಸು ಇರಲಿ. ಕರೆಂಟನ್ನು ಆಂಪಿಯರ್ ಮೋಡಿನಲ್ಲಿ ಅಳೆಯುವಾಗ ಮೀಟರು ಮತ್ತು ಅದರ ಲೀಡುಗಳೂ ಸ್ವಲ್ಪ ಓಮ್ ಸೇರಿಸುತ್ತವೆ. ಬ್ಯಾಟರಿ ದಾರಿಯಲ್ಲಿ ಇರುವುದೇ ಅರ್ಧ ಓಮ್, ಅಲ್ಲಿ ಸೊನ್ನೆ ಪಾಯಿಂಟ್ ಒಂದು ಓಮ್ ಸೇರಿದರೂ I2 ಇಳಿಯುತ್ತದೆ. ಬದಲಿಗೆ ಆ ದಾರಿಯಲ್ಲಿ ಗೊತ್ತಿರುವ 0.1 ಓಮ್ ರೆಸಿಸ್ಟರನ್ನು ಕಾಯಂ ಇಟ್ಟು, ಲೆಕ್ಕದಲ್ಲೂ ಸೇರಿಸಿ, ಅದರ ಮೇಲಿನ ಮಿಲಿವೋಲ್ಟ್ ಓದಿ.

8 ಓಮಿನ ಲೋಡಿಗೆ ಅಡಾಪ್ಟರ್ ಡಯೋಡಿನ ಮೇಲೆ ನಮ್ಮ ಲೆಕ್ಕದಂತೆ 0.935 ವೋಲ್ಟ್ ಇರಬೇಕು. ಮೊದಲು ಅದರ ಹತ್ತಿರ ಓದಿ, ಒಂದೆರಡು ನಿಮಿಷದಲ್ಲಿ ಇಳಿಯುತ್ತಾ ಹೋದರೆ ಗಾಬರಿಯಾಗಬೇಡಿ. ಆ ಪುಟ್ಟ ಕಪ್ಪು ಡಯೋಡು 0.86 ವ್ಯಾಟ್ ಸುಡುತ್ತಿದೆ. ಬಿಸಿಯಾದಂತೆ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಅದರ ಡ್ರಾಪ್ ಕಡಿಮೆಯಾಗುತ್ತದೆ. ಬೆರಳು ಇಟ್ಟು ನೋಡಬೇಡಿ. 0.925 ಆಂಪಿಯರ್ ಎಂಬುದು 1N4007ರ 1 ಆಂಪಿಯರ್ ಮಿತಿಯ ಅಂಚಿನಲ್ಲೇ ಇದೆ, ವಿಜಯಪುರದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಅದು ಬಹಳ ದಿನ ಬಾಳಲಿಕ್ಕಿಲ್ಲ. ಪಂಪು ಸೇರಿಸುವುದು ನಿಜವಾಗಿದ್ದರೆ 3 ಆಂಪಿಯರಿನ 1N5408 ಹಾಕಿ, ಅದಕ್ಕೆ ಮಿತಿ ಮತ್ತು ಓಮ್ ಬೇರೆ. ಹೊಸ ಎರಡು ಸಂಖ್ಯೆ ಹಿಡಿದು ಗಡಿಯ ಲೆಕ್ಕ ಇನ್ನೊಮ್ಮೆ ಮಾಡಿ.